ಗೆಳೆಯರ ಕವಿತೆಗೆ ನಿಜ ಹೇಳುವುದು ಹೇಗೆ?

ಪ್ರಶ್ನೆ: ನಾವು ವಿರಾಜಪೇಟೆ, ಗೋಣಿಕೊಪ್ಪ ಸುತ್ತಮುತ್ತ ಇರುವ ಆರು ಜನ ಗೆಳೆಯರು. ಎಲ್ಲರೂ ಅಷ್ಟಿಷ್ಟು ಕವಿತೆ ಬರೆಯುತ್ತೇವೆ. ವಾಟ್ಸಾಪ್‌ನಲ್ಲಿ ಹಾಕಿದರೆ ‘ಸೂಪರ್’ ಬರುತ್ತೆ, ಅಷ್ಟೇ. ಒಮ್ಮೆ ಒಬ್ಬರು ‘ಇದು ಕವಿತೆ ಅಲ್ಲ, ಭಾಷಣ’ ಅಂದುಬಿಟ್ಟರು. ಬರೆದವಳು ಆಮೇಲೆ ಏನೂ ಹಾಕಲೇ ಇಲ್ಲ. ಈಗ ತಿಂಗಳಿಗೊಮ್ಮೆ ಎದುರುಬದುರು ಕೂತು ಓದೋಣ ಅಂತಿದ್ದೇವೆ. ನಿಜವನ್ನೂ ಹೇಳಬೇಕು, ಸ್ನೇಹವೂ ಉಳಿಯಬೇಕು. ನಿಯಮ ಹೇಗೆ ಮಾಡಿಕೊಳ್ಳೋದು?

ಉತ್ತರ: ಆ ಕವಿತೆ ನಿಜವಾಗಿಯೂ ಭಾಷಣದ ಹಾಗೇ ಇದ್ದಿರಬಹುದು. ಹೇಳಿದವರು ಸುಳ್ಳು ಹೇಳಿದರು ಅಂತ ನನಗೆ ಅನಿಸುವುದಿಲ್ಲ. ಆದರೆ ಅದು ಮೊದಲ ಮಾತಾಗಿ ಬಂತು ನೋಡಿ, ಎಡವಟ್ಟು ಆಗಿದ್ದು ಅಲ್ಲಿ. ಅದಕ್ಕೆ ಮುಂಚೆ ಆ ಕವಿತೆಯಲ್ಲಿ ಅವರಿಗೆ ಏನು ಕಂಡಿತು, ಯಾವ ಸಾಲಿನ ತನಕ ಜೊತೆಗೆ ನಡೆದರು, ಎಲ್ಲಿ ಕೈಬಿಟ್ಟರು, ಇದ್ಯಾವುದೂ ಬರೆದವರಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ತೀರ್ಪು ಮಾತ್ರ. ತೀರ್ಪು ಇಟ್ಟುಕೊಂಡು ಯಾರೂ ಕವಿತೆ ತಿದ್ದಲಾರರು.

ಹಾಗಾಗಿ ‘ಮೆಲ್ಲಗೆ ಮಾತಾಡೋಣ, ನೋವಾಗದ ಹಾಗೆ ಹೇಳೋಣ’ ಅನ್ನುವ ನಿಯಮ ಮಾಡಬೇಡಿ. ಅದನ್ನು ಮಾಡಿದ ಕೂಟಗಳಲ್ಲಿ ಎರಡನೇ ತಿಂಗಳಿಗೇ ಎಲ್ಲರೂ ಸುಮ್ನೆ ಹೊಗಳಿ ಕಾಫಿ ಕುಡಿದು ಹೋಗುತ್ತಾರೆ. ಬದಲಿಗೆ ಯಾವ ಮಾತು ಮೊದಲು, ಯಾವುದು ಆಮೇಲೆ ಅಂತ ಗೊತ್ತುಮಾಡಿ. ಈ ಯೋಚನೆ ನನ್ನದಲ್ಲ. ಲಿಜ್ ಲರ್ಮನ್ ಅನ್ನುವ ಅಮೆರಿಕದ ನೃತ್ಯ ಸಂಯೋಜಕಿ 1990ರ ಹೊತ್ತಿಗೆ ಇಂಥದ್ದೊಂದು ಕ್ರಮ ಕಟ್ಟಿದರು. ಮೊದಲು ನೋಡಿದವರು ತಮಗೆ ಏನು ತಟ್ಟಿತು ಅಂತ ಹೇಳಬೇಕು, ಆಮೇಲೆ ಕಲಾವಿದರು ತಮ್ಮ ಪ್ರಶ್ನೆ ಕೇಳಬೇಕು, ಮೂರನೆಯದಾಗಿ ನೋಡಿದವರು ಅಭಿಪ್ರಾಯ ತುರುಕದ ಪ್ರಶ್ನೆ ಕೇಳಬೇಕು, ಕೊನೆಗೆ ಒಪ್ಪಿಗೆ ಕೇಳಿ ಅಭಿಪ್ರಾಯ ಹೇಳಬೇಕು. ಕುಣಿತಕ್ಕೆ ಮಾಡಿದ ಕ್ರಮ ಕವಿತೆಗೂ ಚೆನ್ನಾಗಿ ಒಗ್ಗುತ್ತದೆ. ನಾಲ್ಕೂ ಮೆಟ್ಟಿಲನ್ನು ಹಾಗೇ ಹತ್ತಲು ಹೋದರೆ ಗೆಳೆಯರ ಕೂಟದಲ್ಲಿ ಅದು ಪೂಜಾವಿಧಿಯ ಥರ ಆಗಿಬಿಡುತ್ತೆ, ಅದಕ್ಕೆ ನಾನು ಸ್ವಲ್ಪ ಚಿಕ್ಕದು ಮಾಡಿದ ರೂಪವನ್ನು ಕೆಳಗೆ ಹೇಳುತ್ತೇನೆ.

ಅದಕ್ಕೆ ಮುಂಚೆ ಕೂಟ ನಡೆಯುವ ಬಗೆ. ಇದನ್ನು ಬೇಗ ಮುಗಿಸುತ್ತೇನೆ. ಆರು ಜನ ಸರಿಯಾದ ಸಂಖ್ಯೆ. ಒಂದು ಸಲಕ್ಕೆ ನಾಲ್ಕು ಕವಿತೆ, ಒಂದೊಂದಕ್ಕೆ ಇಪ್ಪತ್ತು ನಿಮಿಷ. ಮೂರು ತಿಂಗಳಿಗೆ ಹನ್ನೆರಡು ಕವಿತೆ ಆಯಿತು, ಅಂದರೆ ಪ್ರತಿಯೊಬ್ಬರದೂ ಎರಡು. ಆರು ಜನರದ್ದೂ ಪ್ರತಿ ತಿಂಗಳು ಓದಬೇಕು ಅಂತ ಹಟ ಮಾಡಿದರೆ ಕೊನೆಯ ಇಬ್ಬರಿಗೆ ಯಾವಾಗಲೂ ಆಕಳಿಕೆಯೇ ಸಿಗುವುದು. ಎರಡನೇ ಭಾನುವಾರವೋ, ಮೂರನೆಯದೋ, ಒಂದು ಗೊತ್ತುಮಾಡಿಕೊಂಡು ಮಧ್ಯಾಹ್ನ ಮೂರಕ್ಕೆ ಶುರುಮಾಡಿ, ಐದಕ್ಕೆ ಮುಗಿಸಿ. ನಿಮ್ಮ ಕಡೆ ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಆನೆ ಎದುರಾಗುವ ಭಯ ಇದ್ದೇ ಇದೆ, ಹೊರಡುವ ಚಿಂತೆಯಲ್ಲಿ ಕೂತವರು ಕೊನೆಯ ಕವಿತೆಯನ್ನು ಕೇಳುವುದಿಲ್ಲ.

ಊಟ ಇಡಬೇಡಿ. ಇದು ಕೊಡಗಿನವರಿಗೆ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಮೊದಲ ಮನೆಯಲ್ಲಿ ಕಡುಬು, ಎರಡನೇ ಮನೆಯಲ್ಲಿ ಕಡುಬಿನ ಜೊತೆ ಪಂದಿ ಕರಿ, ಮೂರನೇ ಮನೆಯವರು ಹಿಂದಿನ ದಿನದಿಂದಲೇ ಅಡುಗೆಯಲ್ಲಿ ಮುಳುಗಿ ಕವಿತೆ ಓದಿಯೇ ಇರುವುದಿಲ್ಲ. ಕಾಫಿ, ಒಂದು ತಿಂಡಿ, ಅಷ್ಟಕ್ಕೇ ನಿಲ್ಲಿಸಿ ಅಂತ ಮೊದಲ ದಿನವೇ ಒಪ್ಪಿಕೊಳ್ಳಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೂಟ ಬಿಡಬೇಡಿ, ನಾಲ್ಕರ ಬದಲು ಎರಡು ಕವಿತೆ ಇಟ್ಟುಕೊಂಡು ಒಂದೇ ಗಂಟೆಯಲ್ಲಿ ಏಳಿ. ಒಂದು ತಿಂಗಳು ಬಿಟ್ಟರೆ ಮುಂದಿನ ತಿಂಗಳಿಗೆ ನೆಪ ತಾನಾಗೇ ಹುಟ್ಟಿಕೊಳ್ಳುತ್ತದೆ.

ಕವಿತೆ ಕಾಗದದಲ್ಲಿರಲಿ. ಗುರುವಾರದೊಳಗೆ ಎಲ್ಲರಿಗೂ ಸೇರಬೇಕು. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅನ್ನುವ ದಿನಗಳು ಇರುತ್ತವಲ್ಲ, ಆಗ ಫೋನನ್ನು ನಂಬಿಕೊಂಡರೆ ಆಗುವುದಿಲ್ಲ. ಪೇಟೆಯಲ್ಲಿ ಜೆರಾಕ್ಸ್ ಮಾಡಿಸಿ ಇಡಿ, ಹಾದಿಯಲ್ಲಿ ಹೋಗುವವರು ತೆಗೆದುಕೊಂಡು ಹೋಗಲಿ. ಒಂದು ಕವಿತೆ ಒಂದೇ ಪುಟ, ಸಾಲುಗಳಿಗೆ ಪಕ್ಕದಲ್ಲಿ ಅಂಕಿ ಹಾಕಿರಬೇಕು. ಈ ಅಂಕಿಯ ವಿಷಯ ಚಿಕ್ಕದಾಗಿ ಕಾಣುತ್ತೆ, ಆದರೆ ‘ಮಧ್ಯದಲ್ಲೆಲ್ಲೋ ಸ್ವಲ್ಪ ಎಳೆದ ಹಾಗಾಯ್ತು’ ಅನ್ನುವವರ ಬಾಯಲ್ಲಿ ‘ಏಳನೇ ಸಾಲು’ ಅಂತ ಬರಿಸುವುದು ಇದೇ. ಬೆಲ್‌ಫಾಸ್ಟ್‌ನಲ್ಲಿ ಫಿಲಿಪ್ ಹಾಬ್ಸ್‌ಬಾಮ್ 1963ರಲ್ಲಿ ಶುರುಮಾಡಿದ ಬರಹಗಾರರ ಗುಂಪಿನಲ್ಲೂ ಬರೆದದ್ದನ್ನು ಟೈಪ್ ಮಾಡಿ ಪ್ರತಿ ತೆಗೆದು ಎಲ್ಲರಿಗೂ ಹಂಚುತ್ತಿದ್ದರು. ಮುಂದೆ ದೊಡ್ಡ ಕವಿಯಾದ ಷೇಮಸ್ ಹೀನಿ ಆಗಿನ್ನೂ ಪುಸ್ತಕ ತರದ ಹುಡುಗ, ಅವರೂ ಹಾಗೇ ಹಾಳೆ ಹಂಚಿಸಿ ಓದಿ, ಗೆಳೆಯರ ಮಾತು ಕೇಳಿದವರು. ಕಿವಿಯಲ್ಲಿ ಮಾತ್ರ ಕೇಳಿದ ಕವಿತೆಗೆ ದನಿಯ ಮೇಲೆ ಅಭಿಪ್ರಾಯ ಬರುತ್ತದೆ. ಚೆನ್ನಾಗಿ ಓದುವವರು ಗೆಲ್ಲುತ್ತಾರೆ, ತೊದಲುವವರು ಸೋಲುತ್ತಾರೆ.

ಈಗ ಆ ಇಪ್ಪತ್ತು ನಿಮಿಷಕ್ಕೆ ಬರುತ್ತೇನೆ. ಬರೆದವರು ಓದುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಬಹುದು. ‘ಕೊನೆ ಸರಿಯಾಗಿದೆಯಾ?’ ‘ಯಾರು ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತಾ?’ ಇಂಥದ್ದು. ಕವಿತೆ ಯಾಕೆ ಬರೆದೆ, ಎಲ್ಲಿ ಬರೆದೆ ಅನ್ನುವ ಪೀಠಿಕೆ ಬೇಡ. ಓದುತ್ತಾರೆ. ಆಮೇಲೆ ಅದೇ ಕವಿತೆಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದುತ್ತಾರೆ. ಇದನ್ನು ಮಾತ್ರ ಬಿಡಬೇಡಿ. ತಾವು ಬರೆದ ಸಾಲಿನಲ್ಲಿ ಬೇರೆಯವರ ನಾಲಿಗೆ ಎಲ್ಲಿ ತಡವರಿಸುತ್ತದೆ ಅನ್ನುವುದನ್ನು ಕವಿ ತನ್ನ ಕಿವಿಯಿಂದಲೇ ಕೇಳಿಸಿಕೊಳ್ಳುತ್ತಾನೆ, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಎರಡು ಓದಿಗೆ ನಾಲ್ಕು ನಿಮಿಷ. ಆಮೇಲೆ ಎರಡು ನಿಮಿಷ ಮೌನ, ಎಲ್ಲರ ಕೈಯಲ್ಲಿ ಪೆನ್ಸಿಲ್.

ಇಲ್ಲಿಂದ ಬರೆದವರು ಬಾಯಿ ತೆರೆಯುವಂತಿಲ್ಲ. ಮೊದಲ ಸುತ್ತು ‘ಕಂಡದ್ದು’, ಐದು ನಿಮಿಷ. ಕಿರಿಯರಿಂದ ಶುರು. ಕವಿತೆಯಲ್ಲಿ ನನಗೆ ಯಾವ ವಸ್ತು ಕಂಡಿತು, ಯಾರು ಯಾರಿಗೆ ಹೇಳುತ್ತಿದ್ದಾರೆ ಅನಿಸಿತು, ಏನು ನಡೆಯಿತು, ಇಷ್ಟೇ. ಒಳ್ಳೆಯದು ಕೆಟ್ಟದ್ದು ಎರಡೂ ಈ ಸುತ್ತಿನಲ್ಲಿ ಬರುವಂತಿಲ್ಲ. ಎರಡನೇ ಸುತ್ತು ‘ಎಡವಿದ್ದು’, ಆರು ನಿಮಿಷ. ಯಾವ ಸಾಲಿನಲ್ಲಿ ನಿಂತೆ, ಯಾವ ಮಾತು ಬೇರೆ ಕಡೆಯಿಂದ ತಂದಿಟ್ಟ ಹಾಗಿತ್ತು, ಎಲ್ಲಿಂದ ಎಲ್ಲಿಗೆ ಹಾರಿದ್ದು ಗೊತ್ತಾಗಲಿಲ್ಲ. ಸಾಲಿನ ಅಂಕಿ ಹೇಳದೆ ಮಾತಾಡುವ ಹಾಗಿಲ್ಲ. ‘ನೀನು’ ಅನ್ನುವ ಹಾಗಿಲ್ಲ, ‘ಕವಿತೆ’, ‘ಈ ಸಾಲು’ ಅನ್ನಿ. ಹೀಗೆ ಬದಲಾಯಿಸು ಅನ್ನುವ ಸಲಹೆ ಇದ್ದರೆ ಮೊದಲು ‘ಒಂದು ಸಲಹೆ ಇದೆ, ಹೇಳಲಾ?’ ಅಂತ ಕೇಳಬೇಕು. ಬರೆದವರು ತಲೆಯಾಡಿಸಿದರೆ ಹೇಳಿ, ಬೇಡ ಅಂದರೆ ಅಲ್ಲಿಗೆ ಬಿಡಿ. ಕೊನೆಯ ಮೂರು ನಿಮಿಷ ಬರೆದವರದು. ಅವರು ವಿವರಿಸಬಹುದು, ಕೇಳಬಹುದು, ಥ್ಯಾಂಕ್ಸ್ ಹೇಳಿ ಸುಮ್ಮನಿರಬಹುದು. ಒಪ್ಪಿಕೊಳ್ಳಬೇಕಾಗಿಲ್ಲ.

ಇದು ಕೆಲಸ ಮಾಡುವುದು ಹೇಗೆ ಅಂತ ಒಂದು ಕವಿತೆ ಇಟ್ಟುಕೊಂಡೇ ತೋರಿಸಬೇಕು. ಕೂಟದಲ್ಲಿ ಓದಿದ್ದನ್ನು ಹೊರಗೆ ತರಬಾರದು ಅನ್ನುವ ನಿಯಮ ನನಗೂ ಇದೆ, ಅದಕ್ಕೆ ಇದನ್ನು ನಾನೇ ಕಟ್ಟಿದ್ದೇನೆ. ಆದರೆ ನಮ್ಮ ಜಿಲ್ಲೆಯ ಯಾವ ಕೂಟದಲ್ಲಿ ಕೂತರೂ ಜುಲೈ ತಿಂಗಳಲ್ಲಿ ಇಂಥ ಒಂದು ಕವಿತೆ ಬಂದೇ ಬರುತ್ತದೆ.

1. ಕೊಡಗಿನ ಮಳೆಯೇ, ನೀ ಪ್ರಕೃತಿಯ ವರದಾನ
2. ನಿನ್ನ ಹನಿಹನಿಯಲ್ಲೂ ಅಮೃತದ ಸಿಂಚನ
3. ಒಲೆಯ ಮೇಲಿನ ಹಗ್ಗದಲ್ಲಿ ಅಜ್ಜಿಯ ಸೀರೆ
4. ಮೂರು ದಿನವಾದರೂ ಒಣಗದೆ ಹೊಗೆ ವಾಸನೆ
5. ಆ ಹಗ್ಗಕ್ಕೆ ಅವಳ ಕೈ ಎಟಕುವುದಿಲ್ಲ
6. ಈ ವರ್ಷ ಸೀರೆ ಯಾಕಿಲ್ಲ ಅಂತ ಯಾರೂ ಕೇಳಲಿಲ್ಲ
7. ಓ ಮಳೆಯೇ, ನೀ ನೋವಿನ ಸಂಕೇತ
8. ಬದುಕೆಂದರೆ ಹೀಗೇ, ನಗು ಅಳುವಿನ ಸಮ್ಮಿಲನ

ಬರೆದವರು ಕೇಳಿದ ಪ್ರಶ್ನೆ: ‘ಅಜ್ಜಿಯ ವಿಷಯ ತಲುಪುತ್ತಾ?’

‘ಕಂಡದ್ದು’ ಸುತ್ತಿನಲ್ಲಿ ಮೊದಲು ಕಾಲೇಜು ಹುಡುಗ. ‘ನನಗೆ ಹಗ್ಗ ಕಂಡಿತು, ಒದ್ದೆ ಸೀರೆ ಕಂಡಿತು. ನಮ್ಮನೆಯಲ್ಲೂ ಹೀಗೇ ಒಲೆ ಮೇಲೆ ಬಟ್ಟೆ ಒಣಗಿಸ್ತಾರೆ, ಒಂದ್ಸಲ ಏನಾಯ್ತಂದ್ರೆ...’ ಇಲ್ಲಿ ಗಡಿಯಾರ ನೋಡಿಕೊಳ್ಳುವವರು ಕೈ ಎತ್ತಬೇಕು. ನಮ್ಮನೆ ಕತೆ ಕಾಫಿ ಹೊತ್ತಿಗೆ. ಎರಡನೆಯವರು: ‘ಅಜ್ಜಿ ತೀರಿಕೊಂಡಿದ್ದಾರೆ ಅಂತ ಓದಿಕೊಂಡೆ, ಆರನೇ ಸಾಲಿನಿಂದ.’ ಮೂರನೆಯವರು: ‘ನನಗೆ ಅಜ್ಜಿ ಇದ್ದಾರೆ ಅನಿಸಿತು. ಹಾಸಿಗೆ ಹಿಡಿದಿದ್ದಾರೆ. ಐದನೇ ಸಾಲು ‘ಎಟಕುವುದಿಲ್ಲ’ ಅನ್ನುತ್ತೆ, ಮೂರನೇ ಸಾಲಿನಲ್ಲಿ ಸೀರೆ ಹಗ್ಗದ ಮೇಲೇ ಇದೆ.’ ನಾಲ್ಕನೆಯವರಿಗೂ ಅಜ್ಜಿ ಇದ್ದಾರೆ. ಕೊನೆಗೆ ಮೇಷ್ಟ್ರು: ‘ನನಗೆ ಎರಡೂ ಅನಿಸಿತು, ತೀರ್ಮಾನ ಆಗಲಿಲ್ಲ.’

ನೋಡಿ, ಇಲ್ಲಿ ಯಾರೂ ಒಂದು ಟೀಕೆ ಮಾಡಿಲ್ಲ. ಬರೆದವರಿಗೆ ಮಾತ್ರ ಆಗಲೇ ದೊಡ್ಡ ವಿಷಯ ಗೊತ್ತಾಗಿದೆ. ಐದು ಜನರಲ್ಲಿ ಒಬ್ಬರಿಗೆ ಮಾತ್ರ ಸಾವು ತಲುಪಿದೆ. ಕಾರಣವೂ ಕೈಗೆ ಸಿಕ್ಕಿದೆ. ಸೀರೆ ಮೂರನೇ ಸಾಲಿನಲ್ಲಿ ಇದೆ, ಆರನೇ ಸಾಲಿನಲ್ಲಿ ಇಲ್ಲ, ನಡುವೆ ಒಂದು ವರ್ಷ ಕಳೆದಿದೆ ಅಂತ ಹೇಳುವ ಕ್ರಿಯಾಪದ ಎಲ್ಲೂ ಇಲ್ಲ. ಇದನ್ನು ‘ಗೊಂದಲ ಇದೆ’ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಬರೆದವರು ‘ಇಲ್ಲಪ್ಪ, ಸರಿಯಾಗೇ ಇದೆ’ ಅಂತ ವಾದಕ್ಕಿಳಿಯುತ್ತಿದ್ದರು. ಅದಕ್ಕೇ ನಾನು ಈ ಮೊದಲ ಸುತ್ತನ್ನು ಎರಡನೆಯದಕ್ಕಿಂತ ಮೇಲಿಡುತ್ತೇನೆ. ಸಮಯ ಕಡಿಮೆ ಇದ್ದ ದಿನ ಎರಡನೆಯದನ್ನು ಬಿಟ್ಟರೂ ಪರವಾಗಿಲ್ಲ. ಹಾಗೇ ಇನ್ನೊಂದು ಗಮನಿಸಿ. ಐದು ಜನರಲ್ಲಿ ಯಾರೂ ವರದಾನ, ಅಮೃತ, ಸಮ್ಮಿಲನದ ಬಗ್ಗೆ ಬಾಯೇ ಬಿಡಲಿಲ್ಲ. ಕಂಡದ್ದು ಹೇಳಿ ಅಂದಾಗ ಅವು ಕಾಣಲಿಲ್ಲ. ಆ ಮೌನವೂ ಬರೆದವರ ಕಿವಿಗೆ ಬಿದ್ದಿರುತ್ತದೆ.

ಈಗ ‘ಎಡವಿದ್ದು’. ಒಬ್ಬರು ಹೇಳುತ್ತಾರೆ: ‘ಒಂದು, ಎರಡನೇ ಸಾಲು ಪ್ರಾಸಕ್ಕಾಗಿ ಬಂದ ಹಾಗಿದೆ. ಮೂರನೇ ಸಾಲಿನಲ್ಲಿ ಪ್ರಾಸ ಬಿಟ್ಟ ತಕ್ಷಣ ಕವಿತೆ ನಡೆಯೋಕೆ ಶುರುವಾಯಿತು.’ ಇನ್ನೊಬ್ಬರು: ‘ಏಳನೇ ಸಾಲು ನೋವು ಅಂತ ಹೆಸರು ಹೇಳಿಬಿಡುತ್ತೆ. ಮೂರರಿಂದ ಆರರ ತನಕ ನನಗೆ ಅದು ಆಗಲೇ ಆಗಿತ್ತು.’ ಮೇಷ್ಟ್ರು: ‘ಎಂಟನೇ ಸಾಲನ್ನು ಯಾವ ಕವಿತೆಯ ಕೊನೆಗೆ ಬೇಕಾದರೂ ಇಡಬಹುದು.’ ಇದು ಸ್ವಲ್ಪ ಕಟುವಾಯಿತು, ಅಲ್ವಾ? ಆದರೂ ಇದನ್ನು ನಾನು ತಡೆಯುವುದಿಲ್ಲ. ಸಾಲು ತೋರಿಸಿದ್ದಾರೆ, ಕಾರಣ ಕೊಟ್ಟಿದ್ದಾರೆ, ಬರೆದವರ ಬಗ್ಗೆ ಏನೂ ಹೇಳಿಲ್ಲ. ಒಂದು, ಎರಡು, ಏಳು, ಎಂಟು. ನಿಮ್ಮ ಗೆಳೆಯರು ‘ಭಾಷಣ’ ಅಂದದ್ದು ಇಂಥ ಸಾಲುಗಳನ್ನೇ ಇರಬೇಕು. ಹೀಗೆ ಹೇಳಿದ್ದರೆ ಬರೆದವಳಿಗೆ ನಾಲ್ಕು ಸಾಲು ಹೋದರೂ ನಾಲ್ಕು ಉಳಿಯುತ್ತಿತ್ತು, ಒಂದೇ ಮಾತಿನಲ್ಲಿ ಎಂಟೂ ಹೋಯಿತು.

ಒಬ್ಬರು ಒಪ್ಪಿಗೆ ಕೇಳಿ ಸಲಹೆ ಕೊಟ್ಟರು ಅಂದುಕೊಳ್ಳಿ: ‘ಅಜ್ಜಿ ಹೋದರು ಅಂತ ನೇರವಾಗಿ ಒಂದು ಸಾಲು ಬಂದರೆ?’ ಮುಂದಿನ ತಿಂಗಳು ಕವಿತೆ ಹೀಗೆ ಬಂತು:

ಒಲೆಯ ಮೇಲಿನ ಹಗ್ಗಕ್ಕೆ
ಅಜ್ಜಿಯ ಕೈ ಎಟಕುತ್ತಿರಲಿಲ್ಲ,
ಸೀರೆ ನಾನೇ ಹಾಕಿಕೊಡುತ್ತಿದ್ದೆ.
ಮೂರು ದಿನವಾದರೂ ಒಣಗದೆ ಹೊಗೆ ವಾಸನೆ.
ಈ ಕಕ್ಕಡದಲ್ಲಿ ಹಗ್ಗ ಖಾಲಿ.
ಮಳೆ ಮಾತ್ರ ಹೋದ ವರ್ಷದಷ್ಟೇ.

ಸಲಹೆಯನ್ನು ಅವರು ಹಾಗೇ ತೆಗೆದುಕೊಳ್ಳಲಿಲ್ಲ. ‘ಹೋದರು’ ಅನ್ನಲಿಲ್ಲ. ‘ಎಟಕುವುದಿಲ್ಲ’ ಇದ್ದದ್ದನ್ನು ‘ಎಟಕುತ್ತಿರಲಿಲ್ಲ’ ಮಾಡಿದರು, ಸಾವು ತಲುಪಿತು. ‘ನಾನೇ ಹಾಕಿಕೊಡುತ್ತಿದ್ದೆ’ ಅನ್ನುವುದನ್ನು ಯಾರೂ ಸೂಚಿಸಿರಲಿಲ್ಲ, ಅದು ತಿದ್ದುವಾಗ ತಾನಾಗಿ ಬಂದದ್ದು, ಕವಿತೆಯ ಜೀವವೂ ಈಗ ಅಲ್ಲೇ ಇದೆ. ‘ಯಾರೂ ಕೇಳಲಿಲ್ಲ’ ಅನ್ನುವ ಸಾಲು ಹೋಯಿತು. ಅದನ್ನು ಇಷ್ಟಪಟ್ಟವರಿಗೆ ಬೇಜಾರಾಗಬಹುದು. ಆಗಲಿ, ಕವಿತೆ ಅವರದಲ್ಲವಲ್ಲ. ಕೊನೆಯ ಸಾಲು ತುಸು ಜಾಣತನದ್ದು ಅಂತ ನನಗೆ ಅನುಮಾನ, ನಾನು ಆ ಕೂಟದಲ್ಲಿ ಕೂತಿದ್ದರೆ ಆರನೇ ಸಾಲು ಅಂತ ಹೇಳಿ ಪೆನ್ಸಿಲ್ ಅಲ್ಲಿ ಇಡುತ್ತಿದ್ದೆ.

ಹಾಗಂತ ಈ ಕ್ರಮ ಎಲ್ಲ ಕವಿತೆಗೂ ಹೊಂದುವುದಿಲ್ಲ. ತಾಯಿ ತೀರಿಕೊಂಡು ಒಂದು ತಿಂಗಳಾದವರು ಕವಿತೆ ತಂದರೆ ಸಾಲಿನ ಅಂಕಿ ಹಿಡಿದು ಮಾತಾಡುವುದು ಕ್ರೂರವಾಗುತ್ತೆ. ಅದಕ್ಕೆ ‘ಇವತ್ತು ಸುಮ್ನೆ ಕೇಳಿ’ ಅನ್ನುವ ಹಕ್ಕು ಎಲ್ಲರಿಗೂ ಇರಲಿ. ಓದುವ ಮುಂಚೆಯೇ ಹೇಳಬೇಕು, ಓದಿ ಮುಗಿಸಿ ಎಲ್ಲರ ಮುಖ ನೋಡಿದ ಮೇಲೆ ಹೇಳುವ ಹಾಗಿಲ್ಲ. ಹೇಳಿದರೆ ಕವಿತೆ ಕೇಳಿ, ಹಾಳೆ ವಾಪಸ್ ಕೊಟ್ಟು ಮುಂದಿನದಕ್ಕೆ ಹೋಗಿ. ಯಾರಾದರೂ ಪ್ರತಿ ತಿಂಗಳು ಇದೇ ಹೇಳುತ್ತಿದ್ದರೆ ಅವರಿಗೆ ಬೇಕಾಗಿರುವುದು ಕೇಳುವ ಗೆಳೆಯರು, ತಿದ್ದುವ ಕೂಟ ಬೇಕಾಗಿಲ್ಲ. ಅದನ್ನು ಒಬ್ಬರೇ ಹೋಗಿ ಅವರ ಹತ್ತಿರ ಮಾತಾಡಿ.

ಛಂದಸ್ಸಿನಲ್ಲಿ ಬರೆಯುವವರು ಒಬ್ಬರಾದರೂ ನಿಮ್ಮಲ್ಲಿ ಇರುತ್ತಾರೆ. ಅವರ ಕವಿತೆಗೆ ಲೆಕ್ಕ ಸುಲಭ. ಭಾಮಿನಿ ಷಟ್ಪದಿ ಅಂತ ಹೇಳಿಕೊಂಡು ತಂದರೆ ಒಂದು, ಎರಡು, ನಾಲ್ಕು, ಐದನೇ ಸಾಲಿನಲ್ಲಿ ಮೂರು ನಾಲ್ಕು ಮೂರು ನಾಲ್ಕು, ಹದಿನಾಲ್ಕು ಮಾತ್ರೆ ಬರಬೇಕು. ಮೂರು ಮತ್ತು ಆರನೇ ಸಾಲು ಅದರ ಒಂದೂವರೆಯಷ್ಟು, ಕೊನೆಗೊಂದು ಗುರು, ಒಟ್ಟು ಇಪ್ಪತ್ತಮೂರು. ತಪ್ಪಿದರೆ ತಪ್ಪಿದೆ ಅಂತ ಹೇಳಬಹುದು, ಅದರಲ್ಲಿ ಯಾರ ಮನಸ್ಸೂ ಮುರಿಯುವುದಿಲ್ಲ. ಆದರೆ ಬರೆದವರು ಷಟ್ಪದಿ ಅಂತ ಹೇಳಿಯೇ ಇಲ್ಲದಿದ್ದರೆ ಮಾತ್ರೆ ಎಣಿಸಲು ಹೋಗಬೇಡಿ. ಮುಕ್ತವಾಗಿ ಬರೆದದ್ದಕ್ಕೆ ಲಯ ಇಲ್ಲ ಅನ್ನುವುದು ನಮ್ಮ ಹಳೆಯ ಮೇಷ್ಟ್ರುಗಳ ಚಟ.

ಭಾಷೆಯ ಮಾತೂ ಬರುತ್ತೆ. ಆರು ಜನರಲ್ಲಿ ಇಬ್ಬರ ಮನೆಮಾತು ಕೊಡವ ತಕ್ಕ್ ಇರಬಹುದು, ಒಬ್ಬರದು ಅರೆಭಾಷೆ, ಇನ್ನೊಬ್ಬರದು ತುಳುವೋ ಮಲಯಾಳವೋ. ಕನ್ನಡದಲ್ಲಿ ಮಾತ್ರ ಬರೆಯಬೇಕು ಅಂತ ನಿಯಮ ಮಾಡಿದರೆ ಒಳ್ಳೆಯ ಕವಿತೆಗಳು ಮನೆಯಲ್ಲೇ ಉಳಿಯುತ್ತವೆ. ಕನ್ನಡ ಲಿಪಿಯಲ್ಲಿ ಬರೆದು ತನ್ನಿ, ಕೆಳಗೆ ನಾಲ್ಕು ಸಾಲು ಗದ್ಯದಲ್ಲಿ ಅರ್ಥ ಇರಲಿ. ಭಾಷೆ ಬಾರದವರು ಮೊದಲ ಓದಿನಲ್ಲಿ ಅರ್ಥ ನೋಡದೆ ಕೇಳಲಿ, ಎಲ್ಲಿ ದನಿ ಏರಿತು, ಯಾವ ಮಾತು ಮತ್ತೆ ಮತ್ತೆ ಬಂತು ಅಂತ ಹೇಳಲಿ. ಪದದ ಆಯ್ಕೆಯ ಬಗ್ಗೆ ಆ ಭಾಷೆ ಬಲ್ಲವರು ಮಾತ್ರ ಮಾತಾಡಲಿ. ‘ಕನ್ನಡದಲ್ಲಿ ಇದಕ್ಕಿಂತ ಚೆನ್ನಾಗಿ ಬರ್ತಿತ್ತು’ ಅನ್ನುವ ಮಾತು ಯಾರ ಬಾಯಿಂದಲೂ ಬರಬಾರದು.

ಕೂಟ ಹಾಳಾಗುವುದು ಸಾಮಾನ್ಯವಾಗಿ ಕಟು ಮಾತಿನಿಂದ ಅಲ್ಲ, ಇದನ್ನು ನಂಬಿ. ಹೆಚ್ಚಿನವು ಇಬ್ಬರು ಮೂವರ ಕಾರಣಕ್ಕೆ ನಿಲ್ಲುತ್ತವೆ. ಒಬ್ಬರು ತಿಳಿದವರು. ಕಾಲೇಜಿನಲ್ಲಿ ಪಾಠ ಮಾಡಿದವರೋ, ಒಂದು ಸಂಕಲನ ತಂದವರೋ ಇರುತ್ತಾರೆ. ಅವರು ಬಾಯಿ ತೆರೆದ ಮೇಲೆ ಉಳಿದವರೆಲ್ಲ ‘ಸರ್ ಹೇಳಿದ್ದೇ ನನ್ನದೂ’ ಅನ್ನುತ್ತಾರೆ. ಅದಕ್ಕೆ ಕಿರಿಯರಿಂದ ಶುರು ಅಂದದ್ದು. ವಯಸ್ಸಲ್ಲಿ ಕಿರಿಯರೋ ಬರವಣಿಗೆಯಲ್ಲಿ ಕಿರಿಯರೋ ಅಂತ ತಕರಾರು ಬಂದರೆ ಬರವಣಿಗೆಯಲ್ಲಿ ಅನ್ನಿ. ಸರ್ ಕೊನೆಗೆ ಮಾತಾಡಲಿ, ಅವರಿಗೂ ಅಷ್ಟೇ ನಿಮಿಷ. ಗಡಿಯಾರ ಹಿಡಿಯುವವರು ಪ್ರತಿ ತಿಂಗಳು ಬದಲಾಗಬೇಕು, ಆ ದಿನ ಅವರ ಕವಿತೆ ಇರಬಾರದು. ಇಲ್ಲದಿದ್ದರೆ ತಮ್ಮದಕ್ಕೆ ಐದು ನಿಮಿಷ ಜಾಸ್ತಿ ಕೊಟ್ಟುಕೊಳ್ಳುತ್ತಾರೆ, ನೋಡಿದ್ದೇನೆ.

ಇನ್ನೊಬ್ಬರು ವಿವರಿಸುವವರು. ‘ಅದು ಹಾಗಲ್ಲ, ನಾನು ಹೇಳೋಕೆ ಹೊರಟಿದ್ದು...’ ಅಂತ ಎರಡನೇ ಸುತ್ತಿನ ನಡುವೆಯೇ ಶುರುಮಾಡುತ್ತಾರೆ. ಅವರ ಕೈಗೆ ಪೆನ್ಸಿಲ್ ಕೊಟ್ಟು, ಕೇಳಿದ್ದನ್ನೆಲ್ಲ ಬರೆದುಕೊಳ್ಳಿ ಅನ್ನಿ. ಬರೆಯುವ ಕೈ ಇರುವಾಗ ಬಾಯಿ ಸ್ವಲ್ಪ ಸುಮ್ಮನಿರುತ್ತೆ. ಮತ್ತೊಬ್ಬರು ಕವಿತೆಯನ್ನೇ ತರದವರು. ಎಲ್ಲರದ್ದಕ್ಕೂ ಚೂಪಾದ ಮಾತಾಡುತ್ತಾರೆ, ತಮ್ಮದು ‘ಇನ್ನೂ ಮುಗಿದಿಲ್ಲ’. ಎರಡು ಸರದಿ ತಪ್ಪಿಸಿದವರು ‘ಕಂಡದ್ದು’ ಸುತ್ತಿನಲ್ಲಿ ಮಾತ್ರ ಮಾತಾಡಬಹುದು ಅಂತ ಬರೆದಿಟ್ಟುಕೊಳ್ಳಿ. ಅದು ಶಿಕ್ಷೆ ಅಂತ ಯಾರಿಗೂ ಅನಿಸುವುದಿಲ್ಲ, ಆದರೆ ಮೂರನೇ ತಿಂಗಳು ಕವಿತೆ ಬರುತ್ತದೆ.

ಕೂಟ ಹೊಗಳಿಕೆಯ ಕಡೆ ಜಾರುತ್ತಿದೆಯಾ ಅಂತ ನೋಡಲು ಒಂದೇ ಗುರುತು ಸಾಕು. ತಿದ್ದಿದ ಕವಿತೆ ಮರಳಿ ಬರುತ್ತಿದೆಯಾ? ನಾಲ್ಕರಲ್ಲಿ ಒಂದಾದರೂ ಹಳೆಯ ಕವಿತೆಯ ಹೊಸ ರೂಪ ಆಗಿರಬೇಕು. ಮೂರು ತಿಂಗಳು ಬರೀ ಹೊಸ ಕವಿತೆಗಳೇ ಬರುತ್ತಿದ್ದರೆ ಅದು ಚಿಕ್ಕ ಕವಿಗೋಷ್ಠಿ ಆಯಿತು. ಗೋಷ್ಠಿ ಕೆಟ್ಟದ್ದು ಅಂತಲ್ಲ. ಮಡಿಕೇರಿ ದಸರಾದಲ್ಲಿ ಬಹುಭಾಷಾ ಕವಿಗೋಷ್ಠಿ ನಡೆಯುತ್ತೆ, ಅಲ್ಲಿ ಓದಿ, ಚಪ್ಪಾಳೆ ತಗೊಳ್ಳಿ, ಸಂತೋಷ. ಅಲ್ಲಿ ಮುಗಿದ ಕವಿತೆ ಓದಬೇಕು, ಇಲ್ಲಿ ಮುಗಿಯದ್ದು ತರಬೇಕು. ಹಾಗಾಗಿ ಶಾಲು, ಅಧ್ಯಕ್ಷರು, ಗುಂಪಿನ ಫೋಟೋ ಮೂರನ್ನೂ ಇಲ್ಲಿಗೆ ತರಬೇಡಿ. ಕವಿತೆಯ ಹಾಳೆಯ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವುದಂತೂ ಬೇಡವೇ ಬೇಡ. ಹಲವು ಪತ್ರಿಕೆಗಳು, ಸ್ಪರ್ಧೆಗಳು ಎಲ್ಲೂ ಪ್ರಕಟವಾಗದ ಕವಿತೆಯನ್ನೇ ಕೇಳುತ್ತವೆ. ಗೆಳೆಯರು ಪ್ರೀತಿಯಿಂದ ಹಂಚಿಕೊಂಡದ್ದೂ ಕೆಲವು ಕಡೆ ಪ್ರಕಟಣೆ ಅಂತಲೇ ಲೆಕ್ಕ. ಮುಗಿದ ಮೇಲೆ ಹಾಳೆಗಳೆಲ್ಲ, ಮೇಲೆ ಗೀಚಿದ ಟಿಪ್ಪಣಿ ಸಮೇತ, ಬರೆದವರಿಗೆ ವಾಪಸ್. ಎಷ್ಟೋ ಸಲ ಬಾಯಲ್ಲಿ ಹೇಳಲು ಅಳುಕಿದ ಮಾತು ಆ ಅಂಚಿನಲ್ಲಿ ಬರೆದಿರುತ್ತದೆ.

ಮೊದಲ ತಿಂಗಳು ನಿಮ್ಮ ಯಾರ ಕವಿತೆಯೂ ಬೇಡ. ಯಾವುದಾದರೂ ಹಳೆಯ ಸಂಕಲನದಿಂದ ಎರಡು ಕವಿತೆ ತೆಗೆದು, ಕವಿಯ ಹೆಸರು ಮುಚ್ಚಿ, ಜೆರಾಕ್ಸ್ ಮಾಡಿಸಿ. ಒಂದು ಒಳ್ಳೆಯ ಹೆಸರಿನವರದು, ಇನ್ನೊಂದು ಯಾರೂ ಕೇಳದವರದು ಇರಲಿ. ಇಪ್ಪತ್ತು ನಿಮಿಷದ ಕ್ರಮವನ್ನು ಅವುಗಳ ಮೇಲೆ ಮಾಡಿ ನೋಡಿ. ನೋಯುವವರು ಯಾರೂ ಎದುರಿಗೆ ಇರುವುದಿಲ್ಲವಾದ್ದರಿಂದ ನಾಲಿಗೆ ಸಡಿಲಾಗುತ್ತೆ. ದೊಡ್ಡವರ ಕವಿತೆಯಲ್ಲೂ ಎಡವುವ ಸಾಲು ಇರುತ್ತದೆ ಅಂತ ಎಲ್ಲರಿಗೂ ಒಟ್ಟಿಗೇ ಗೊತ್ತಾಗುತ್ತೆ. ಎರಡನೇ ತಿಂಗಳು ಮೊದಲ ಕವಿತೆ ಯಾರದು ಅನ್ನುವ ಪ್ರಶ್ನೆ ಬರುತ್ತದಲ್ಲ, ಅದು ಅನುಭವಸ್ಥರದೇ ಇರಲಿ. ಅವರು ಬಾಯಿಮುಚ್ಚಿ ಆರು ನಿಮಿಷ ಕೇಳಿಸಿಕೊಂಡದ್ದನ್ನು ನೋಡಿದ ಮೇಲೆ ಉಳಿದವರಿಗೆ ಕಷ್ಟ ಆಗುವುದಿಲ್ಲ.

ಇನ್ನು ಬರೆಯುವುದನ್ನೇ ನಿಲ್ಲಿಸಿದ ಆ ಗೆಳತಿ. ಅವರನ್ನು ಕರೆಯುವಾಗ ‘ಕವಿತೆ ತಗೊಂಡು ಬಾ’ ಅನ್ನಬೇಡಿ. ಮೊದಲ ತಿಂಗಳು ಹೇಗೂ ಯಾರದ್ದೂ ಇಲ್ಲ, ಸುಮ್ನೆ ಬರಲಿ. ‘ಭಾಷಣ’ ಅಂದವರಿಗೆ ಒಂದು ಕೆಲಸ ಕೊಡಿ: ಆ ಹಳೆಯ ಕವಿತೆಯನ್ನು ಮತ್ತೊಮ್ಮೆ ಓದಿ, ಅದರಲ್ಲಿ ತನಗೆ ಕಂಡ ಎರಡು ಸಾಲು ಯಾವುದು ಅಂತ ಅವರಿಗೆ ಫೋನ್ ಮಾಡಿ ಹೇಳಲಿ. ಕ್ಷಮೆ ಕೇಳುವುದು ಅವರಿಗೆ ಬಿಟ್ಟದ್ದು. ಆ ಎರಡು ಸಾಲು ಮಾತ್ರ ಹೇಳಲೇಬೇಕು.